ಮಳೆ ವಹಿಯಲ್ಲಿ ತಿಂಗಳ ಮೊದಲ ದಿನ: ಅಂದಿನವರೆಗಿನ ಮೊತ್ತದ ಅಂಕಣವನ್ನು ಮತ್ತೆ ಆರಂಭಿಸುವ ಬಗೆ

(ಆಲ್ದೂರು ಹೋಬಳಿಯ ಗ್ರಾಮ ಪಂಚಾಯಿತಿ ಸಿಬ್ಬಂದಿ, ಕಾಫಿ ತೋಟಗಳ ರೈಟರುಗಳು ಹಾಗೂ ಬೆಳೆಗಾರರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಆಲ್ದೂರು ಸೀಮೆಯ ಕಾಫಿ ತೋಟಗಳಲ್ಲಿ ಮಳೆ ಅಳೆಯುವುದು ಹಾಜರಿ ಪುಸ್ತಕ ಬರೆಯುವಷ್ಟೇ ಹಳೆಯ ರೂಢಿ. ಬಂಗಲೆಯ ಅಂಗಳದಲ್ಲಿ ಅಥವಾ ಕಣದ ಮೂಲೆಯಲ್ಲಿ ಮಳೆಮಾಪಕ, ಕಚೇರಿಯ ಮೇಜಿನ ಮೇಲೆ ಮಳೆ ವಹಿ. ಆ ವಹಿಯಲ್ಲಿ ಸಾಮಾನ್ಯವಾಗಿ ನಾಲ್ಕು ಅಂಕಣಗಳಿರುತ್ತವೆ: ದಿನಾಂಕ, ಅಂದಿನ ಮಳೆ, ತಿಂಗಳಿನಲ್ಲಿ ಅಂದಿನವರೆಗಿನ ಮೊತ್ತ, ವರ್ಷದಲ್ಲಿ ಅಂದಿನವರೆಗಿನ ಮೊತ್ತ. ಹಿರಿಯರು ಇದನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆಯುತ್ತಿದ್ದರು, ಇಂದಿಗೂ ಅನೇಕರು ಹಾಗೆಯೇ ಬರೆಯುತ್ತಾರೆ. ಸರ್ಕಾರಿ ದಾಖಲೆಗಳು ಮಿಲಿಮೀಟರಿನಲ್ಲಿರುತ್ತವೆ. ಒಂದು ಇಂಚಿಗೆ 25.4 ಮಿ.ಮೀ. ಎಂಬ ಲೆಕ್ಕ ಗೊತ್ತಿದ್ದರೆ ಎರಡರ ನಡುವೆ ಗೊಂದಲಕ್ಕೆ ಎಡೆಯಿಲ್ಲ.

ಈ ನಾಲ್ಕರಲ್ಲಿ ಮೂರನೆಯ ಅಂಕಣವೇ ಈ ಉಪನ್ಯಾಸದ ವಿಷಯ. ಅದು ದಿನದಿನವೂ ಬೆಳೆಯುತ್ತಾ ಹೋಗಿ, ತಿಂಗಳ ಮೊದಲ ದಿನ ಹಿಂದಿನದನ್ನೆಲ್ಲ ಬಿಟ್ಟು ಆ ದಿನದ ಮಳೆಯಿಂದಲೇ ಹೊಸದಾಗಿ ಎಣಿಸಲು ತೊಡಗುತ್ತದೆ. ಕಾಗದದ ಮೇಲೆ ಇದು ಸುಲಭ, ಏಕೆಂದರೆ ಪುಟ ತಿರುವಿದಾಗ ಬರೆಯುವವರ ಕಣ್ಣಿಗೆ ಹೊಸ ತಿಂಗಳು ಬಿದ್ದೇ ಬೀಳುತ್ತದೆ. ವಹಿಯನ್ನು ಎಕ್ಸೆಲ್ ಹಾಳೆಗೆ ಇಳಿಸಿದಾಗ ತಿಂಗಳು ಬದಲಾದುದನ್ನು ಸೂತ್ರವೇ ಗುರುತಿಸಬೇಕಾಗುತ್ತದೆ. ಅಲ್ಲಿ ತಪ್ಪಿದರೆ ಆ ತಪ್ಪು ಸದ್ದಿಲ್ಲದೆ ಉಳಿದುಬಿಡುತ್ತದೆ.

ನಗದು ಪುಸ್ತಕ ಬರೆದು ಕೈ ಪಳಗಿದವರು ಇಲ್ಲಿ ಒಂದು ಎಚ್ಚರ ವಹಿಸತಕ್ಕದ್ದು. ನಗದು ಪುಸ್ತಕದಲ್ಲಿ ತಿಂಗಳ ಅಖೈರು ಶಿಲ್ಕು ಮುಂದಿನ ತಿಂಗಳಿಗೆ ಆರಂಭ ಶಿಲ್ಕಾಗಿ ಬರುತ್ತದೆ. ಮಳೆ ವಹಿಯ ತಿಂಗಳಿನ ಅಂಕಣಕ್ಕೆ ಆರಂಭ ಶಿಲ್ಕು ಇಲ್ಲ. ಹಿಂದಿನದನ್ನು ಹೊತ್ತು ತರುವುದು ವರ್ಷದ ಅಂಕಣದ ಕೆಲಸ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು, ಯಾವುದೇ ತೋಟದ ಅಥವಾ ಕೇಂದ್ರದ ದಾಖಲೆಯಲ್ಲ. ಜನವರಿಯಿಂದ ಮೇ ಅಂತ್ಯದವರೆಗೆ 293.0 ಮಿ.ಮೀ. ಮಳೆಯಾಗಿದೆ, ಜೂನ್ 28ರವರೆಗೆ ಆ ತಿಂಗಳ ಮೊತ್ತ 412.0 ಎಂದಿಟ್ಟುಕೊಂಡರೆ, ಮುಂದಿನ ದಿನಗಳು ಹೀಗಿರುತ್ತವೆ:

```
A (ದಿನಾಂಕ)    B (ಮಳೆ)   C (ತಿಂಗಳು)   D (ವರ್ಷ)
29-06-2024     42.0      454.0       747.0
30-06-2024     61.5      515.5       808.5
01-07-2024     88.0       88.0       896.5
02-07-2024     35.5      123.5       932.0
```

ಜುಲೈ 1ರಂದು ಮೂರನೆಯ ಅಂಕಣ 515.5ರಿಂದ 88.0ಕ್ಕೆ ಇಳಿದಿದೆ, ನಾಲ್ಕನೆಯದು ಏರುತ್ತಲೇ ಇದೆ. ಯಾವ ದಿನವೇ ಆಗಲಿ, ಹಿಂದಿನ ತಿಂಗಳುಗಳ ಕೊನೆಯ ಮೊತ್ತಗಳನ್ನೆಲ್ಲ ಕೂಡಿ ಅದಕ್ಕೆ ಈ ತಿಂಗಳಿನ ಅಂದಿನವರೆಗಿನ ಮೊತ್ತವನ್ನು ಸೇರಿಸಿದರೆ ವರ್ಷದ ಅಂಕಣ ಬರಬೇಕು. 293.0ಕ್ಕೆ 515.5, ಅದಕ್ಕೆ 123.5 ಸೇರಿ 932.0. ಈ ತಾಳೆ ತಿಂಗಳಿಗೊಮ್ಮೆ ನೋಡತಕ್ಕದ್ದು.

ಮೊದಲು ಬಹುತೇಕರು ಬರೆಯುವ ಸೂತ್ರವನ್ನು ನೋಡಬೇಕು. ಮೊದಲ ಸಾಲು ಶೀರ್ಷಿಕೆಗೆ, ಎರಡನೆಯ ಸಾಲಿನಿಂದ ಮಾಹಿತಿ ಎಂದಾದರೆ, C2 ಕೋಶದಲ್ಲಿ ಅಂದಿನ ಮಳೆಯನ್ನೇ ಬರೆದು, C3ರಿಂದ ಕೆಳಕ್ಕೆ ಹೀಗೆ ಬರೆಯಲಾಗುತ್ತದೆ:

```
=IF(AND(MONTH(A3)=MONTH(A2),YEAR(A3)=YEAR(A2)),C2+B3,B3)
```

ಈ ಸಾಲಿನ ತಿಂಗಳೂ ಮೇಲಿನ ಸಾಲಿನ ತಿಂಗಳೂ ಒಂದೇ ಆಗಿದ್ದರೆ ಮೇಲಿನ ಮೊತ್ತಕ್ಕೆ ಇಂದಿನ ಮಳೆಯನ್ನು ಕೂಡು, ಇಲ್ಲವಾದರೆ ಇಂದಿನ ಮಳೆಯಿಂದಲೇ ಆರಂಭಿಸು ಎಂದು ಇದರ ಅರ್ಥ. ತಿಂಗಳ ಜೊತೆಗೆ ವರ್ಷವನ್ನೂ ಹೋಲಿಸುವುದು ಅನಗತ್ಯವೆಂದು ಕೆಲವರಿಗೆ ತೋರಬಹುದು. ಆದರೆ ಮಾಪಕ ಕೆಟ್ಟು ಒಂದು ಜುಲೈಯಿಂದ ಮರು ಜುಲೈಯವರೆಗೆ ಓದುವಿಕೆ ನಿಂತುಹೋದ ವಹಿಯಲ್ಲಿ ಎರಡು ಬೇರೆ ವರ್ಷಗಳ ಜುಲೈಗಳು ಒಂದರ ಕೆಳಗೊಂದು ಬಂದು ಕೂರುತ್ತವೆ. ತಿಂಗಳನ್ನು ಮಾತ್ರ ಹೋಲಿಸುವ ಸೂತ್ರ ಅವೆರಡನ್ನೂ ಒಂದೇ ತಿಂಗಳೆಂದು ಕೂಡಿಬಿಡುತ್ತದೆ.

ಈ ಸೂತ್ರದ ಪ್ರತಿ ಸಾಲೂ ತನ್ನ ಮೇಲಿನ ಸಾಲಿಗೆ ಆತುಕೊಂಡಿದೆ. ದಿನಕ್ಕೊಂದು ಸಾಲನ್ನು ಕೆಳಗೆ ಸೇರಿಸುತ್ತಾ ಹೋಗುವವರಿಗೆ ಇದು ಸಾಕು. ತೊಂದರೆ ಶುರುವಾಗುವುದು ನಡುವೆ ಸಾಲು ಸೇರಿಸಿದಾಗ. ಜೂನ್ 17ರ ಓದು ಹಾಳೆಯಲ್ಲಿ ಬಿಟ್ಟುಹೋಗಿತ್ತು, ಚೀಟಿಯಲ್ಲಿ ಬರೆದಿಟ್ಟದ್ದು ತಿಂಗಳ ಕೊನೆಗೆ ಸಿಕ್ಕಿತು ಎಂದುಕೊಳ್ಳೋಣ. ರೈಟರು 16ರ ಮತ್ತು 18ರ ನಡುವೆ ಹೊಸ ಸಾಲು ಸೇರಿಸಿ ದಿನಾಂಕ, ಮಳೆ ಎರಡನ್ನೂ ತುಂಬುತ್ತಾರೆ. ಆದರೆ 18ರ ಸಾಲಿನ ಸೂತ್ರ ಹಿಂದಿನಂತೆಯೇ 16ರ ಸಾಲನ್ನು ಹಿಡಿದುಕೊಂಡಿರುತ್ತದೆ. ಹೊಸ ಸಾಲಿಗೆ ಸೂತ್ರವನ್ನು ನಕಲು ಮಾಡಿದರೂ 18ರ ಸಾಲು ಅದನ್ನು ನೋಡುವುದಿಲ್ಲ. 17ರ ಮಳೆ ಹಾಳೆಯ ಮೇಲೆ ಕಣ್ಣಿಗೆ ಕಾಣುತ್ತದೆ, ಮೊತ್ತದಲ್ಲಿ ಮಾತ್ರ ಇರುವುದಿಲ್ಲ. ಹಾಳೆ ಯಾವ ದೋಷಸೂಚನೆಯನ್ನೂ ಕೊಡುವುದಿಲ್ಲ. ತಿಂಗಳ B ಅಂಕಣವನ್ನು ಬೇರೆಯಾಗಿ ಕೂಡಿ C ಅಂಕಣದ ಕೊನೆಯ ಅಂಕಿಯೊಂದಿಗೆ ಹೋಲಿಸಿದಾಗ ವ್ಯತ್ಯಾಸ ಸರಿಯಾಗಿ ಒಂದು ದಿನದ ಮಳೆಯಷ್ಟೇ ಬಂದರೆ, ಆಗಿರುವುದು ಇದೇ ಎಂದು ತಿಳಿಯಬಹುದು. ಸಾಲನ್ನು ಅಳಿಸಿದರೆ ಆಗುವ ತೊಂದರೆ ಇಷ್ಟು ಗುಪ್ತವಲ್ಲ: ಕೆಳಗಿನ ಕೋಶಗಳಲ್ಲಿ #REF! ಎಂದು ಬಂದು ಎಲ್ಲರಿಗೂ ಗೊತ್ತಾಗುತ್ತದೆ.

ಆದುದರಿಂದ ಹಲವರು ಕೈಯಾಡಿಸುವ ಹಾಳೆಗೆ, ವಿಶೇಷವಾಗಿ ಪಂಚಾಯಿತಿ ಕಚೇರಿಯ ಹಾಳೆಗೆ, ಮೇಲಿನ ಸಾಲನ್ನು ಅವಲಂಬಿಸದ ಸೂತ್ರವೇ ಲೇಸು. C2ರಲ್ಲಿ ಹೀಗೆ ಬರೆದು ಕೆಳಕ್ಕೆ ಎಳೆಯಬೇಕು:

```
=IF(A2="","",SUMIFS($B$2:$B$400,
 $A$2:$A$400,">"&EOMONTH(A2,-1),
 $A$2:$A$400,"<="&A2))
```

EOMONTH(A2,-1) ಎಂದರೆ ಹಿಂದಿನ ತಿಂಗಳ ಕೊನೆಯ ದಿನ. ಆ ದಿನದ ನಂತರದ ಮತ್ತು ಈ ಸಾಲಿನ ದಿನಾಂಕದವರೆಗಿನ ಮಳೆಯನ್ನೆಲ್ಲ, ಅದು ಹಾಳೆಯ ಯಾವ ಸಾಲಿನಲ್ಲೇ ಇರಲಿ, ಹುಡುಕಿ ಕೂಡು ಎಂಬುದು ಈ ಸೂತ್ರದ ಆದೇಶ. ಜುಲೈ 1ಕ್ಕೆ ಹಿಂದಿನ ತಿಂಗಳ ಕೊನೆಯ ದಿನ ಜೂನ್ 30. ಅದರ ನಂತರದ್ದು ಜುಲೈ 1 ಒಂದೇ, ಆದ್ದರಿಂದ ಮೊತ್ತ 88.0. ಮತ್ತೆ ಆರಂಭಿಸು ಎಂದು ಬೇರೆಯಾಗಿ ಹೇಳುವ ಅಗತ್ಯವೇ ಇಲ್ಲ. ತಡವಾಗಿ ಸಿಕ್ಕ ಓದನ್ನು ನಡುವೆ ಸೇರಿಸಿದರೂ, ಎಲ್ಲಕ್ಕಿಂತ ಕೆಳಗೆ ಬರೆದರೂ ಮೊತ್ತ ಸರಿಯಾಗಿಯೇ ಬರುತ್ತದೆ. ಆರಂಭದ IF ಇರುವುದು ಇನ್ನೂ ದಿನಾಂಕ ತುಂಬದ ಮುಂದಿನ ಸಾಲುಗಳಿಗಾಗಿ. ಅದಿಲ್ಲದಿದ್ದರೆ ಅಲ್ಲೆಲ್ಲ #NUM! ಎಂದು ಬರುತ್ತದೆ. 400 ಎಂಬ ಸಂಖ್ಯೆ ಒಂದು ವರ್ಷದ ಹಾಳೆಗೆ ಸಾಕಾಗುವ ಅಳತೆ. ಹಲವು ವರ್ಷಗಳನ್ನು ಒಂದೇ ಹಾಳೆಯಲ್ಲಿಡುವವರು ಅದನ್ನು ಹೆಚ್ಚಿಸಿಕೊಳ್ಳಬೇಕು, ಇಲ್ಲವಾದರೆ 400ನೇ ಸಾಲಿನ ಕೆಳಗಿನ ಮಳೆ ಲೆಕ್ಕಕ್ಕೆ ಬರುವುದಿಲ್ಲ. ವರ್ಷದ ಅಂಕಣಕ್ಕೆ ಇದೇ ಸೂತ್ರದಲ್ಲಿ ">"&EOMONTH(A2,-1) ಎಂಬುದರ ಬದಲು ">="&DATE(YEAR(A2),1,1) ಎಂದು ಬರೆದರಾಯಿತು.

ಇನ್ನು ದಿನಾಂಕಗಳ ಮಾತು. ಎರಡೂ ಸೂತ್ರಗಳು ನಂಬಿರುವುದು A ಅಂಕಣವನ್ನು. ಕಚೇರಿಗಳಲ್ಲಿ ಅತಿ ಹೆಚ್ಚು ಹಾಳೆಗಳು ಕೆಡುವುದೂ ಅಲ್ಲಿಯೇ. ಗಣಕಯಂತ್ರದ ಪ್ರಾದೇಶಿಕ ವ್ಯವಸ್ಥೆ ಅಮೆರಿಕದ ಪದ್ಧತಿಯಲ್ಲಿದ್ದರೆ ಅದು ತಿಂಗಳನ್ನು ಮೊದಲು, ದಿನವನ್ನು ನಂತರ ಓದುತ್ತದೆ. ಜುಲೈ 1 ಎಂದು ತಿಳಿದು 01/07/2024 ಎಂದು ಬರೆದರೆ ಅದು ಜನವರಿ 7 ಆಗುತ್ತದೆ. 02/07/2024 ಫೆಬ್ರವರಿ 7, 03/07/2024 ಮಾರ್ಚ್ 7, ಹೀಗೆ 12/07/2024 ಡಿಸೆಂಬರ್ 7ರವರೆಗೆ ಹೋಗುತ್ತದೆ. 13/07/2024 ಬಂದಾಗ ಹದಿಮೂರನೆಯ ತಿಂಗಳು ಇಲ್ಲದ ಕಾರಣ ಯಂತ್ರ ಅದನ್ನು ದಿನಾಂಕವೆಂದೇ ಒಪ್ಪದೆ ಬರೀ ಅಕ್ಷರಗಳೆಂದು ಇಟ್ಟುಕೊಳ್ಳುತ್ತದೆ. ಕಣ್ಣಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ಮೊದಲ ಸೂತ್ರ ಬಳಸಿದ ಹಾಳೆಯಲ್ಲಿ ತಿಂಗಳ ಮೊದಲ ಹನ್ನೆರಡು ದಿನ ಮೊತ್ತ ಬೆಳೆಯುವುದೇ ಇಲ್ಲ, ದಿನಕ್ಕೊಮ್ಮೆ ಹೊಸದಾಗಿ ಶುರುವಾಗುತ್ತದೆ. ಹದಿಮೂರನೆಯ ದಿನದಿಂದ #VALUE! ಎಂಬ ಸೂಚನೆ ಬರುತ್ತದೆ. ಎರಡನೆಯ ಸೂತ್ರ ಬಳಸಿದ ಹಾಳೆಯಲ್ಲಿ ಇನ್ನೊಂದು ವಿಚಿತ್ರವೂ ಸೇರುತ್ತದೆ: ಜುಲೈ 1ರ 88.0 ಮಿ.ಮೀ. ಹೋಗಿ ಜನವರಿಯ ಲೆಕ್ಕದಲ್ಲಿ ಕೂರುತ್ತದೆ. ಆಲ್ದೂರಿನಲ್ಲಿ ಜನವರಿ ಕಾಫಿ ಒಣಗಿಸುವ ತಿಂಗಳು. ಕಣದಲ್ಲಿ ಹಣ್ಣು ಹರಡಿದ್ದ ತಿಂಗಳಲ್ಲಿ ಮೂರೂವರೆ ಇಂಚು ಮಳೆ ಸುರಿದಿದ್ದರೆ ಅದು ಬೆಳೆಗಾರರಿಗೆ ಮರೆತುಹೋಗುವ ಸಂಗತಿಯಲ್ಲ. ಇನ್ನೊಂದು ಗುರುತೂ ಉಂಟು. ಜೋಡಣೆಯನ್ನು ಯಾರೂ ಬದಲಿಸದಿದ್ದರೆ ನಿಜವಾದ ದಿನಾಂಕ ಕೋಶದ ಬಲಕ್ಕೆ ನಿಲ್ಲುತ್ತದೆ, ಅಕ್ಷರವಾಗಿ ಉಳಿದದ್ದು ಎಡಕ್ಕೆ ನಿಲ್ಲುತ್ತದೆ.

ಸರಿಪಡಿಸುವಾಗ ಕೋಶದ ರೂಪವನ್ನು ಮಾತ್ರ ಬದಲಿಸಿ ಪ್ರಯೋಜನವಿಲ್ಲ, ಒಳಗೆ ಕುಳಿತಿರುವುದೇ ಬೇರೆ ದಿನ. ಅದಲುಬದಲಾದ ಮೊದಲ ಹನ್ನೆರಡು ದಿನಗಳನ್ನು ಪಕ್ಕದ ಖಾಲಿ ಅಂಕಣದಲ್ಲಿ ಈ ಸೂತ್ರದಿಂದ ತಿರುಗಿಸಿಕೊಳ್ಳಬಹುದು:

```
=DATE(YEAR(A2),DAY(A2),MONTH(A2))
```

ಹದಿಮೂರರಿಂದ ಮುಂದಿನವನ್ನು ಹೊಸದಾಗಿ ಬರೆಯುವುದೇ ನೇರ ದಾರಿ. ಮುಂದಕ್ಕೆ ಇದು ಮರುಕಳಿಸದಂತೆ ಯಂತ್ರದ ಪ್ರಾದೇಶಿಕ ವ್ಯವಸ್ಥೆಯನ್ನು English (India) ಎಂದು ಇಡಬೇಕು. ಹಲವು ಯಂತ್ರಗಳಲ್ಲಿ ತೆರೆಯುವ ಹಾಳೆಯಾದರೆ ತಿಂಗಳನ್ನು ಅಕ್ಷರದಲ್ಲಿ, ಅಂದರೆ 1-Jul-2024 ಎಂದು ಬರೆಯುವುದು ಇನ್ನೂ ಸುರಕ್ಷಿತ. ಚುಕ್ಕೆ ಹಾಕಿ 01.07.2024 ಎಂದು ಬರೆಯುವ ಕಚೇರಿ ರೂಢಿ ಕಾಗದಕ್ಕೆ ಸರಿ. ಹಾಳೆಯಲ್ಲಿ ಅದು ಬಹಳಷ್ಟು ಯಂತ್ರಗಳಿಗೆ ದಿನಾಂಕವೇ ಅಲ್ಲ.

ಸೂತ್ರವೂ ದಿನಾಂಕವೂ ಸರಿಯಾಗಿದ್ದು, ಆದರೂ ಎರಡು ವಹಿಗಳ ಜೂನ್ ಮೊತ್ತ ಬೇರೆ ಬೇರೆ ಬರುವ ಸಂದರ್ಭ ಒಂದಿದೆ. ಅಕ್ಕಪಕ್ಕದ ತೋಟಗಳವರು ಒಬ್ಬರನ್ನೊಬ್ಬರು ಸಂಶಯಿಸುವುದೂ ಬಹುಮಟ್ಟಿಗೆ ಇದರಿಂದಲೇ. ಭಾರತ ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಅದು ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಹಿಂದಿನ ದಿನ ಬೆಳಿಗ್ಗೆ 8:30ರಿಂದ ಇಂದು ಬೆಳಿಗ್ಗೆ 8:30ರವರೆಗೆ ಬಿದ್ದ ಮಳೆಯನ್ನು ಅಳೆದು ಇಂದಿನ ದಿನಾಂಕದ ಮುಂದೆ ಬರೆಯಲಾಗುತ್ತದೆ. ಹಾಗಾದರೆ ಜುಲೈ 1ರ ಮುಂದೆ ಬರೆದ 88.0 ಮಿ.ಮೀ.ನಲ್ಲಿ ಹೆಚ್ಚಿನ ಪಾಲು ಬಿದ್ದದ್ದು ಜೂನ್ 30ರ ಹಗಲು ಮತ್ತು ರಾತ್ರಿಯೇ. ಆದರೂ ಪದ್ಧತಿಯ ಪ್ರಕಾರ ಅದು ಜುಲೈಯ ಮಳೆ.

ಕೆಲವು ತೋಟಗಳಲ್ಲಿ ಬೆಳಿಗ್ಗೆ ಅಳೆದದ್ದನ್ನು "ನಿನ್ನೆಯ ಮಳೆ" ಎಂದು ಹಿಂದಿನ ದಿನಾಂಕದ ಮುಂದೆ ಬರೆಯುವ ರೂಢಿಯಿದೆ. ಮೇಲಿನ ಉದಾಹರಣೆಯಲ್ಲಿ ಜೂನ್ 1ರ ಬೆಳಿಗ್ಗೆಯ ಓದು 12.0 ಮಿ.ಮೀ. ಆಗಿತ್ತು ಎಂದಿಟ್ಟುಕೊಂಡರೆ, ಈ ರೂಢಿಯವರ ವಹಿಯಲ್ಲಿ ಅದು ಮೇ 31ಕ್ಕೆ ಹೋಗುತ್ತದೆ, ಜುಲೈ 1ರ ಬೆಳಿಗ್ಗೆಯ 88.0 ಜೂನ್ 30ಕ್ಕೆ ಬರುತ್ತದೆ. ಇಲಾಖೆಯ ಪದ್ಧತಿಯಲ್ಲಿ 515.5 ಆಗಿದ್ದ ಜೂನ್ ಮೊತ್ತ ಇಲ್ಲಿ 591.5 ಆಗುತ್ತದೆ. ಒಂದೇ ಮಾಪಕ, ಒಂದೇ ನೀರು, ವ್ಯತ್ಯಾಸ 76 ಮಿ.ಮೀ. ಅಂದರೆ ಸುಮಾರು ಮೂರು ಇಂಚು. ಎರಡರಲ್ಲಿ ಯಾವುದೂ ಸುಳ್ಳಲ್ಲ, ಆದರೆ ಎರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದರೆ ಪಟ್ಟಿ ಕೆಡುತ್ತದೆ. ಇಂತಹ ವ್ಯತ್ಯಾಸ ಕಂಡಾಗ ಒಂದು ವಹಿಯ ದಿನಗಳನ್ನು ಒಂದು ಸಾಲು ಕೆಳಕ್ಕೆ ಜಾರಿಸಿ ನೋಡಬೇಕು. ಆಗ ಎರಡೂ ಏರಿಳಿತಗಳಲ್ಲಿ ಹೊಂದಿಕೊಂಡರೆ ವ್ಯತ್ಯಾಸಕ್ಕೆ ಕಾರಣ ರೂಢಿಯೇ ಹೊರತು ಮಾಪಕವಲ್ಲ. ಹೊಸದಾಗಿ ಹಾಳೆ ಆರಂಭಿಸುವವರು ಇಲಾಖೆಯ ಪದ್ಧತಿಯನ್ನೇ ಅನುಸರಿಸಿ, ಶೀರ್ಷಿಕೆಯಲ್ಲಿ "ಬೆಳಿಗ್ಗೆ 8:30ಕ್ಕೆ ಮುಗಿದ 24 ಗಂಟೆಗಳ ಮಳೆ" ಎಂದು ಸ್ಪಷ್ಟವಾಗಿ ಬರೆಯುವುದು ಒಳ್ಳೆಯದು.

ಓದದೆ ಉಳಿದ ದಿನಗಳು ಇದಕ್ಕಿಂತ ತೊಡಕಿನವು. ಮಳೆ ಬಾರದ ದಿನಕ್ಕೂ ಮಳೆ ನೋಡದ ದಿನಕ್ಕೂ ವ್ಯತ್ಯಾಸವಿದೆ. ಮೊದಲನೆಯದಕ್ಕೆ 0 ಎಂದು ಬರೆಯತಕ್ಕದ್ದು, ಎರಡನೆಯದನ್ನು ಖಾಲಿ ಬಿಟ್ಟು ಷರಾ ಅಂಕಣದಲ್ಲಿ ಕಾರಣ ನಮೂದಿಸತಕ್ಕದ್ದು. ಮೊತ್ತದ ಸೂತ್ರಕ್ಕೆ ಎರಡೂ ಒಂದೇ, ಅದು ಖಾಲಿ ಕೋಶವನ್ನು ಸೊನ್ನೆಯಂತೆಯೇ ನಡೆಸಿಕೊಳ್ಳುತ್ತದೆ. ಖಾಲಿ ಬಿಡುವ ಬದಲು ಗೀಟು ಎಳೆದರೆ ಅಥವಾ "ತುಸು" ಎಂದು ಬರೆದರೆ ಮೊದಲ ಸೂತ್ರ #VALUE! ಎಂದು ಎಚ್ಚರಿಸುತ್ತದೆ, ಎರಡನೆಯದು ಸುಮ್ಮನೆ ಅದನ್ನು ದಾಟಿ ಹೋಗುತ್ತದೆ. ಈ ಒಂದು ವಿಷಯದಲ್ಲಿ ಮೊದಲನೆಯ ಸೂತ್ರವೇ ಹೆಚ್ಚು ಪ್ರಾಮಾಣಿಕ. ಈ ಕೊರತೆಯನ್ನು ತುಂಬಲು ಮೊತ್ತದ ಪಕ್ಕದಲ್ಲಿ ಇನ್ನೊಂದು ಅಂಕಣ ಬೇಕು. ಅದು ತಿಂಗಳಲ್ಲಿ ಅಂದಿನವರೆಗೆ ಎಷ್ಟು ದಿನ ಓದಲಾಗಿದೆ ಎಂಬುದನ್ನು ಎಣಿಸುತ್ತದೆ:

```
=IF(A2="","",COUNTIFS($B$2:$B$400,">=0",
 $A$2:$A$400,">"&EOMONTH(A2,-1),
 $A$2:$A$400,"<="&A2))
```

ಈ ಅಂಕಣವೂ ತಿಂಗಳಿಗೊಮ್ಮೆ 1ರಿಂದ ಆರಂಭವಾಗುತ್ತದೆ. ಲೋಪವಿಲ್ಲದ ವಹಿಯಲ್ಲಿ ಜುಲೈ 14ರ ಸಾಲಿನಲ್ಲಿ 14 ಎಂದೇ ಇರಬೇಕು. 13 ಇದ್ದರೆ ಒಂದು ದಿನ ಬಿಟ್ಟುಹೋಗಿದೆ, 15 ಇದ್ದರೆ ಒಂದು ದಿನಾಂಕ ಎರಡು ಸಲ ಬಂದಿದೆ. ತಿಂಗಳ ಮೊತ್ತವನ್ನು ಕೇಳಿದವರಿಗೆ ಮೊತ್ತದ ಜೊತೆ ಈ ಎಣಿಕೆಯನ್ನೂ ಕೊಟ್ಟರೆ ಆ ಮೊತ್ತವನ್ನು ಎಷ್ಟರಮಟ್ಟಿಗೆ ನೆಚ್ಚಬಹುದೆಂದು ಅವರಿಗೆ ತಿಳಿಯುತ್ತದೆ.

ಬಿಟ್ಟ ದಿನಗಳು ತಿಂಗಳ ಗಡಿಯ ಮೇಲೆಯೇ ಬಿದ್ದರೆ? ಜೂನ್ 30 ಮತ್ತು ಜುಲೈ 1ರಂದು ಯಾರೂ ಮಾಪಕದ ಬಳಿ ಹೋಗಲಿಲ್ಲ, 2ರಂದು ಅಳೆದಾಗ ಮೂರೂ ದಿನಗಳ ನೀರು ಒಟ್ಟಿಗೆ 185.0 ಮಿ.ಮೀ. ಬಂದಿತು. ಅದನ್ನು ಜುಲೈ 2ರ ಮುಂದೆ ಬರೆದರೆ ಜೂನ್ 454.0ಕ್ಕೆ ನಿಲ್ಲುತ್ತದೆ, ಜುಲೈ ಎರಡನೆಯ ದಿನವೇ 185.0 ತೋರಿಸುತ್ತದೆ. ವರ್ಷದ ಅಂಕಣ ಮಾತ್ರ 932.0 ಎಂದು ಸರಿಯಾಗಿಯೇ ಇರುತ್ತದೆ. ತಿಂಗಳಿನ ಗಡಿ ಇಲ್ಲದ ಕಡೆ ಈ ತಪ್ಪು ತಾನಾಗಿ ಅಳಿಸಿಹೋಗುತ್ತದೆ, ಗಡಿಯಿರುವ ಕಡೆ ಉಳಿಯುತ್ತದೆ.

ಇಂತಹ ಸಂದರ್ಭದಲ್ಲಿ 185.0ನ್ನು ಮೂರು ಸಮಪಾಲು ಮಾಡಿ ಹಂಚುವುದು ಊಹೆ ಮಾತ್ರ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಹತ್ತಿರದ ಅಂತಹ ಮಾಪಕದಲ್ಲಿ ಆ ಮೂರು ದಿನಗಳಿಗೆ 60, 90 ಮತ್ತು 50 ಮಿ.ಮೀ. ದಾಖಲಾಗಿದ್ದರೆ, ಒಟ್ಟು 200ರಲ್ಲಿ ಅವುಗಳ ಪಾಲು ಶೇಕಡಾ 30, 45 ಮತ್ತು 25. ಅದೇ ಪ್ರಮಾಣದಲ್ಲಿ 185.0ನ್ನು ಹಂಚಿದರೆ 55.5, 83.25 ಮತ್ತು 46.25 ಬರುತ್ತದೆ, ಜೂನ್ ಮೊತ್ತ 509.5 ಆಗುತ್ತದೆ. ಇದು ನಿಜವಾದ 515.5ಕ್ಕೆ ಸಾಕಷ್ಟು ಹತ್ತಿರ. ಆದರೆ ಹೀಗೆ ಹಂಚಿದ ಅಂಕಿಗಳನ್ನು ಬೇರೆ ಬಣ್ಣದಲ್ಲಿ ಬರೆದು, ಷರಾ ಅಂಕಣದಲ್ಲಿ "ಮೂರು ದಿನಗಳ ಒಟ್ಟು ಓದು 185.0, ಹಂಚಿಕೆ ಅಂದಾಜು" ಎಂದು ನಮೂದಿಸದಿದ್ದರೆ ಮುಂದೆ ನೋಡುವವರು ಅದನ್ನು ಅಳತೆಯೆಂದೇ ನಂಬುತ್ತಾರೆ.

ಇನ್ನೊಂದು ಮಿತಿಯೂ ಇದೆ. 200 ಚದರ ಸೆಂ.ಮೀ. ಬಾಯಿಯ ಮಾಪಕದಲ್ಲಿ 1 ಮಿ.ಮೀ. ಮಳೆ ಎಂದರೆ 20 ಮಿ.ಲೀ. ನೀರು. ಒಳಗಿನ ಪಾತ್ರೆ 4 ಲೀಟರಿನದ್ದಾದರೆ ಅದು 200 ಮಿ.ಮೀ.ಗೆ ತುಂಬುತ್ತದೆ. ಮಲೆನಾಡಿನ ಜುಲೈಯಲ್ಲಿ ಮೂರು ದಿನ ಮಾಪಕವನ್ನು ನೋಡದೆ ಬಿಟ್ಟರೆ ಪಾತ್ರೆ ತುಂಬಿ ಹರಿದಿರಲೂ ಸಾಕು. ಹಾಗೆ ಹರಿದುಹೋದುದನ್ನು ಯಾವ ಸೂತ್ರವೂ ಮರಳಿ ತರಲಾರದು.

ಇಷ್ಟರ ಮೇಲೆ, ಎಲ್ಲವೂ ಸರಿಯಾಗಿರುವ ತಿಂಗಳ ಅಂಕಣವೇ ಹೇಳಲಾರದ ಸಂಗತಿಗಳಿವೆ. ತಿಂಗಳು ಕ್ಯಾಲೆಂಡರಿನ ಗಡಿ, ಗಿಡದ ಅಥವಾ ಗುಡ್ಡದ ಗಡಿಯಲ್ಲ. ರೋಬಸ್ಟಾ ಮೊಗ್ಗು ಅರಳಲು ಸುಮಾರು ಒಂದು ಇಂಚಿನ ಹೂಮಳೆ ಬೇಕೆಂಬುದು ಬೆಳೆಗಾರರ ಅನುಭವದ ಲೆಕ್ಕ. ಮಾರ್ಚ್ 31ರ ಬೆಳಿಗ್ಗೆ 9.0 ಮಿ.ಮೀ., ಏಪ್ರಿಲ್ 1ರ ಬೆಳಿಗ್ಗೆ 21.0 ಮಿ.ಮೀ. ಅಳೆಯಲಾಯಿತು ಎಂದುಕೊಳ್ಳೋಣ. ಮಾರ್ಚಿನಲ್ಲಿ ಅದಕ್ಕೆ ಮೊದಲು ಮಳೆಯಿರಲಿಲ್ಲ. ತಿಂಗಳಿನ ಅಂಕಣ ಮಾರ್ಚಿಗೆ 9.0 ಎಂದು ಮುಗಿಸಿ ಏಪ್ರಿಲಿಗೆ 21.0 ಎಂದು ಆರಂಭಿಸುತ್ತದೆ. ಎರಡೂ ಇಂಚಿಗೆ ಕಡಿಮೆ. ಆದರೆ ಗಿಡಕ್ಕೆ ದೊರೆತದ್ದು 30.0 ಮಿ.ಮೀ. ತಿಂಗಳ ಮೊತ್ತವನ್ನು ಮಾತ್ರ ನೋಡಿ ತುಂತುರು ನೀರಾವರಿಯ ಪಂಪು ಹೂಡಿಸಿದರೆ ಡೀಸೆಲ್ ಮತ್ತು ಕೆರೆಯ ನೀರು ಎರಡೂ ವ್ಯರ್ಥ.

ಗುಡ್ಡದ ಕಥೆಯೂ ಹೀಗೆಯೇ. 2019ರ ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಭಾಗಗಳಲ್ಲಿ ಗುಡ್ಡ ಜರಿದು ಮನೆ, ತೋಟಗಳು ಕೊಚ್ಚಿಹೋದುದನ್ನು ಜಿಲ್ಲೆ ಮರೆತಿಲ್ಲ. ಆಗಸ್ಟ್ 1ರಂದು ವಹಿಯ ಅಂಕಣ ಸೊನ್ನೆಯಿಂದ ಶುರುವಾಗುತ್ತದೆ. ಜುಲೈಯಲ್ಲಿ ಹೀರಿಕೊಂಡ ನೀರನ್ನು ಮಣ್ಣು ಆ ದಿನ ಬಿಟ್ಟುಕೊಡುವುದಿಲ್ಲ. ಇಳಿಜಾರಿನ ಮನೆಗಳ ಬಗ್ಗೆ ಎಚ್ಚರಿಕೆ ಕೊಡಬೇಕಾದ ಪಂಚಾಯಿತಿ ತಿಂಗಳ ಮೊದಲ ವಾರದಲ್ಲಿ ಈ ಅಂಕಣವನ್ನೇ ನಂಬಿ ಕುಳಿತರೆ ಚಿಕ್ಕ ಅಂಕಿ ಕಂಡು ಮೋಸ ಹೋಗುತ್ತದೆ.

ಇದಕ್ಕಾಗಿ ತಿಂಗಳಿನ ಅಂಕಣವನ್ನು ತೆಗೆದುಹಾಕಬೇಕಾಗಿಲ್ಲ. ಅದರ ಪಕ್ಕದಲ್ಲಿ ಎಂದಿಗೂ ಮರು ಆರಂಭವಾಗದೆ ದಿನದೊಂದಿಗೆ ಸರಿಯುತ್ತಾ ಹೋಗುವ ಒಂದು ಅಂಕಣವನ್ನು ಇಟ್ಟರೆ ಸಾಕು. ಕೊನೆಯ ಮೂರು ದಿನಗಳ ಮೊತ್ತಕ್ಕೆ ಸೂತ್ರ ಹೀಗಿದೆ:

```
=IF(A2="","",SUMIFS($B$2:$B$400,
 $A$2:$A$400,">"&A2-3,
 $A$2:$A$400,"<="&A2))
```

ಹೂಮಳೆಯ ಕಾಲಕ್ಕೆ ಮೂರು ದಿನ ಸಾಕು. ಮಳೆಗಾಲದಲ್ಲಿ 3ರ ಬದಲು 7 ಎಂದು ಬದಲಿಸಿಕೊಳ್ಳಬಹುದು. ಮೇಲಿನ ಉದಾಹರಣೆಯ ಜುಲೈ 2ರ ಸಾಲಿನಲ್ಲಿ ತಿಂಗಳಿನ ಅಂಕಣ 123.5 ಎಂದರೆ ಇದು 185.0 ಎನ್ನುತ್ತದೆ.

ಕರಿಮೆಣಸು, ಅಡಿಕೆ ಬೆಳೆಗಳ ಹವಾಮಾನ ಆಧಾರಿತ ಬೆಳೆ ವಿಮೆಯ ವಿಚಾರ ಬೆಳೆಗಾರರು ಪದೇಪದೇ ಕೇಳುವಂಥದ್ದು. ಅಲ್ಲಿ ಪರಿಹಾರ ನಿರ್ಧಾರವಾಗುವುದು ಅಧಿಕೃತ ಮಾಪಕದ ದಾಖಲೆಯಿಂದ, ತೋಟದ ವಹಿಯಿಂದಲ್ಲ. ಆದರೆ ಅಧಿಕೃತ ಅಂಕಿ ಅನುಮಾನಾಸ್ಪದವೆಂದು ತೋರಿದಾಗ ಯಾವ ದಿನಗಳಲ್ಲಿ, ಎಷ್ಟು ವ್ಯತ್ಯಾಸವಿದೆ ಎಂದು ತೋರಿಸಿ ಅರ್ಜಿ ಬರೆಯಲು ದಿನವಾರು ಓದು ಬೇಕು. ತಿಂಗಳಿನ ಮೊತ್ತಗಳನ್ನು ಮಾತ್ರ ಉಳಿಸಿಕೊಂಡು ದಿನದ ಅಂಕಿಗಳನ್ನು ಅಳಿಸಿದ ಹಾಳೆ ಆ ಕೆಲಸಕ್ಕೆ ಬಾರದು. ಆದ್ದರಿಂದ ವರ್ಷ ಮುಗಿದ ಮೇಲೆ ಹಾಳೆಯನ್ನು "ಸಂಕ್ಷಿಪ್ತಗೊಳಿಸುವ" ಉತ್ಸಾಹ ಬೇಡ. 366 ಸಾಲುಗಳು ಯಂತ್ರಕ್ಕೆ ಭಾರವಲ್ಲ.

ಹವಾಮಾನ ಇಲಾಖೆಯ ಋತುವಾರು ವರದಿಗಳೊಂದಿಗೆ ಹೋಲಿಸಬಯಸುವವರಿಗೆ ಇನ್ನೊಂದು ಅಂಕಣ ಬೇಕಾಗಬಹುದು. ಮುಂಗಾರು ಪೂರ್ವ ಮಳೆಯನ್ನು ಮಾರ್ಚ್ 1ರಿಂದ, ನೈಋತ್ಯ ಮುಂಗಾರನ್ನು ಜೂನ್ 1ರಿಂದ, ಹಿಂಗಾರನ್ನು ಅಕ್ಟೋಬರ್ 1ರಿಂದ ಎಣಿಸಲಾಗುತ್ತದೆ. ತಿಂಗಳಿನ ಸೂತ್ರದಲ್ಲಿ ಆರಂಭದ ದಿನವನ್ನು ಮಾತ್ರ ಬದಲಿಸಿ, ಮುಂಗಾರಿಗೆ ">="&DATE(YEAR(A2),6,1) ಎಂದು ಬರೆದು ಜೂನ್ 1ರ ಸಾಲಿನಿಂದ ಸೆಪ್ಟೆಂಬರ್ 30ರ ಸಾಲಿನವರೆಗೆ ಎಳೆದರೆ ಆ ಅಂಕಣವೂ ಸಿದ್ಧ. ಸೆಪ್ಟೆಂಬರ್ 30ರಂದು ಅದು ತೋರಿಸುವ ಅಂಕಿ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳ ಕೊನೆಯ ಸಾಲಿನ ನಾಲ್ಕು ಮೊತ್ತಗಳನ್ನು ಕೂಡಿದಷ್ಟೇ ಇರಬೇಕು. ಇಲ್ಲದಿದ್ದರೆ ಓದಿನ ದಿನಗಳ ಎಣಿಕೆಯ ಅಂಕಣವನ್ನು ಜೂನ್‌ನಿಂದ ಕೆಳಕ್ಕೆ ಒಮ್ಮೆ ನೋಡಿಕೊಂಡು ಬಂದರೆ, ತಪ್ಪು ಯಾವ ತಿಂಗಳಲ್ಲಿ ಕುಳಿತಿದೆ ಎಂಬುದು ಸಾಮಾನ್ಯವಾಗಿ ಅಲ್ಲಿಯೇ ಕಾಣುತ್ತದೆ.